ಪದಚರ್ಚೆ: ವಿತರಕರ ‘ಮಾರ್ಜಿನ್’ಗೆ ಏನು ಬರೆಯಲಿ? ಪತ್ರ ನಾಳೆ ಬೆಳಿಗ್ಗೆ ಹೋಗಬೇಕು

ಸುಮಾ:

ಎಲ್ಲರಿಗೂ ನಮಸ್ಕಾರ. ಸಿರಿಧಾನ್ಯದ ಕುರುಕಲು ತಿಂಡಿಯ ಹೊಸ ಬ್ರ್ಯಾಂಡ್ ಶುರು ಮಾಡಿದವರೊಬ್ಬರು ಸಗಟು ವಿತರಕರಿಗೆ ಬರೆದ ಪರಿಚಯಪತ್ರವನ್ನು ಕನ್ನಡಕ್ಕೆ ಮಾಡಿಕೊಡಿ ಎಂದಿದ್ದಾರೆ. ಒಂದೇ ಪುಟ. ತಿಂಡಿಯ ವರ್ಣನೆ ಸಲೀಸಾಗಿ ಮುಗಿಯಿತು. ಷರತ್ತುಗಳ ಪ್ಯಾರಾ ಬಂದಾಗ ಕೈ ನಿಂತಿತು. ಮೂಲದಲ್ಲಿ ಇರುವುದು ಇಷ್ಟೇ: ಶೇ 8 ಮಾರ್ಜಿನ್, 21 ದಿನ ಕ್ರೆಡಿಟ್, ಎಕ್ಸ್‌ಪೈರಿ ಆದ ಮಾಲು ವಾಪಸು. ನಾನು ಬರೆದಿರುವುದು:

“ತಮಗೆ ಶೇ 8ರಷ್ಟು ಲಾಭಾಂಶ ಹಾಗೂ 21 ದಿನಗಳ ಸಾಲದ ಅವಧಿ ನೀಡಲಾಗುವುದು. ಅವಧಿ ಮೀರಿದ ಉತ್ಪನ್ನಗಳನ್ನು ಹಿಂಪಡೆಯಲಾಗುವುದು.”

ಓದಿಕೊಂಡರೆ ಬ್ಯಾಂಕಿನ ನೋಟಿಸಿನ ಹಾಗಿದೆ. ಲಾಭಾಂಶ ಸರಿಯೇ? ಬೇರೆ ಏನಾದರೂ ಇದೆಯೇ? ನಾಳೆ ಹತ್ತು ಗಂಟೆಯೊಳಗೆ ಕೊಡಬೇಕು.

ರೇಖಾ:

ಲಾಭಾಂಶದಲ್ಲಿ ತಪ್ಪೇನಿದೆ? ಲಾಭದ ಅಂಶ ಅಷ್ಟೇ ತಾನೆ. ಪತ್ರಿಕೆಗಳಲ್ಲಿ ದಿನಾ ಬರುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ. ತೆಗೆಯಬೇಕಾದದ್ದು ‘ಸಾಲ’. ವ್ಯಾಪಾರಿಯ ಮುಂದೆ ಸಾಲ ಅಂದರೆ ಬಡ್ಡಿ ಎಷ್ಟು ಅಂತ ಮೊದಲು ಕೇಳುತ್ತಾನೆ. ‘ಉದ್ದರಿ’ ಅನ್ನಿ, ಕೆಲಸ ಮುಗಿಯಿತು.

ಗೋವಿಂದರಾಯ:

ಲಾಭ ಸಂಸ್ಕೃತ, ಅಂಶ ಸಂಸ್ಕೃತ, ಉದ್ದರಿ ಮರಾಠಿಯಿಂದ ಬಂದದ್ದು. ಇದರಲ್ಲಿ ಕನ್ನಡ ಎಲ್ಲಿದೆ? ‘ಮಿಗು’ ಎಂಬ ಧಾತು ನಮ್ಮಲ್ಲಿ ಇದೆ. ಮಿಕ್ಕದ್ದು, ಮಿಗತೆ, ಮಿಗಿಲು ಎಲ್ಲವೂ ಅದರ ಮಕ್ಕಳು. ಕೊಂಡ ಬೆಲೆ ಕಳೆದು ಕೈಯಲ್ಲಿ ಮಿಗುವ ಪಾಲು ‘ಮಿಗುಪಾಲು’. ಕ್ರೆಡಿಟ್‌ಗೆ ‘ಕಡ’ ಎಂಬ ಅಚ್ಚ ಮಾತಿದೆ. ಇದ್ದದ್ದನ್ನು ಬಿಟ್ಟು ಪಕ್ಕದ ಮನೆಯಲ್ಲಿ ಕೇಳುವ ಚಟ ಯಾವಾಗ ಹೋಗುತ್ತದೋ.

ಮಂಜು:

ಮಾರ್ಜಿನ್‌ಗೆ ‘ಅಂಚು’ ಅಂತ ಆಗಲೇ ಇದೆಯಲ್ಲ? ನಾನು ಶಾಲಾ ಪಠ್ಯದ ಪುಟವಿನ್ಯಾಸ ಮಾಡುವಾಗ ‘ಎಡ ಅಂಚು, ಬಲ ಅಂಚು’ ಅಂತಲೇ ಬರೆದದ್ದು, ಯಾರೂ ತಕರಾರು ಮಾಡಲಿಲ್ಲ. ಆದರೆ ಪತ್ರದ ಅಂಚು ಶೇ 8 ಅಂದರೆ ತೀರಾ ಕಡಿಮೆಯಾಗುತ್ತದೆ, ಪಂಚ್ ಮಾಡಿ ಫೈಲಿಗೆ ಹಾಕಿದರೆ ಅಕ್ಷರ ಹೋಗುತ್ತದೆ.

ರೇಖಾ:

ಮಂಜು, ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

ಶಿವಪ್ಪ:

ಸುಮಾ ಅವರೇ, ನಾನು ಪೊಟ್ಟಣದ ತಿಂಡಿಯ ವಿತರಣೆಯನ್ನು ಇಪ್ಪತ್ತು ವರ್ಷ ಮಾಡಿ ಬಿಟ್ಟವನು. ಇಂಥ ಪತ್ರಗಳು ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ವರ್ಣನೆಯನ್ನು ಯಾವ ವಿತರಕನೂ ಓದುವುದಿಲ್ಲ, ಕಣ್ಣು ಸೀದಾ ನೀವು ನಿಂತ ಪ್ಯಾರಾಕ್ಕೇ ಹೋಗುತ್ತದೆ.

ಲಾಭಾಂಶ ಬೇಡ. ಅದು ಷೇರುದಾರರಿಗೆ ಕಂಪನಿ ಹಂಚುವ ದುಡ್ಡಿಗೆ ನಿಂತುಹೋದ ಪದ. ಪತ್ರದಲ್ಲಿ ಅದನ್ನು ಕಂಡವನು ನಮ್ಮನ್ನು ಪಾಲುದಾರರಾಗಿ ಕರೆಯುತ್ತಿದ್ದಾರೋ ಎಂದುಕೊಂಡಾನು. ಆದರೆ ನಿಮ್ಮ ನಿಜವಾದ ತೊಂದರೆ ಪದದ್ದಲ್ಲ. ಶೇ 8 ಅಂದಿರಿ, ಯಾವುದರ ಮೇಲೆ?

ಪೊಟ್ಟಣದ ಮೇಲೆ ಅಚ್ಚಾದ ಬೆಲೆ 100 ಅಂತ ಇಟ್ಟುಕೊಳ್ಳಿ, ತೆರಿಗೆಯ ಲೆಕ್ಕ ಬಿಡಿ. ಅಂಗಡಿಯವನಿಗೆ ಅದರಲ್ಲಿ ಶೇ 20 ಬಿಟ್ಟರೆ ವಿತರಕ ಅವನಿಗೆ ಮಾರುವ ದರ 80. ಈಗ ವಿತರಕನ ಶೇ 8ನ್ನು ಅವನು ಮಾರುವ ಆ 80ರ ಮೇಲೆ ಹಿಡಿದರೆ ಅವನಿಗೆ ಉಳಿಯುವುದು 6.40, ಮಾಲನ್ನು ಕಂಪನಿಯಿಂದ 73.60ಕ್ಕೆ ಕೊಳ್ಳುತ್ತಾನೆ. ಅದನ್ನೇ ಅವನು ಕೊಂಡ ದರದ ಮೇಲೆ ಹಿಡಿದರೆ 80ನ್ನು 1.08ರಿಂದ ಭಾಗಿಸಬೇಕು, ಕೊಳ್ಳುವ ದರ 74.07 ಆಗುತ್ತದೆ, ಉಳಿಯುವುದು ಆರಕ್ಕಿಂತ ಕೊಸರು ಕಡಿಮೆ. ಅಚ್ಚಾದ ಬೆಲೆಯ ಮೇಲೆ ಹಿಡಿದರೆ ಪೂರ್ತಿ 8 ಸಿಕ್ಕಿ ಕೊಳ್ಳುವ ದರ 72ಕ್ಕೆ ಇಳಿಯುತ್ತದೆ. ಒಂದೇ ಎಂಟು, ಮೂರು ದರ. ಬರೆದವನ ಮನಸ್ಸಿನಲ್ಲಿ 74 ಇರುತ್ತದೆ, ಓದಿದವನ ಮನಸ್ಸಿನಲ್ಲಿ 72. ಮೊದಲ ಬಿಲ್ಲು ಕೈಗೆ ಬಂದ ದಿನ ಜಗಳ. ನೂರಕ್ಕೆ ಎರಡು ಅಂದರೆ ಸಣ್ಣದು ಅನಿಸಬಹುದು. ಆದರೆ ಗಾಡಿ, ಗೋದಾಮು, ಹುಡುಗರ ಸಂಬಳ ಎಲ್ಲ ಆ ಎಂಟರೊಳಗೇ ಹೋಗಬೇಕು, ಕೊನೆಗೆ ವಿತರಕನ ಕೈಗೆ ಉಳಿಯುವುದೇ ಆ ಒಂದೆರಡು.

ಅದಕ್ಕೇ ‘ಮಾರ್ಜಿನ್’ ಅಂತಲೇ ಬರೆಯಿರಿ, ಅದು ಅವರ ಬಾಯಲ್ಲಿರುವ ಮಾತು. ಮುಂದೆ ‘ನೀವು ಅಂಗಡಿಗೆ ಮಾರುವ ದರದ ಮೇಲೆ’ ಅಂತ ಸೇರಿಸಿ. ಬರೆಸಿದವರನ್ನು ಕೇಳಿ ಖಚಿತ ಮಾಡಿಕೊಂಡೇ ಸೇರಿಸಿ.

ಗೋವಿಂದರಾಯ:

ಹಾಗಾದರೆ ‘ಮಾರುವ ದರದ ಮೇಲಿನ ಮಿಗುಪಾಲು’ ಎಂದರೆ ಏನು ಕೊರತೆ? ಲೆಕ್ಕ ನಿಮ್ಮದೇ ಇರಲಿ, ಪದ ಕನ್ನಡದ್ದಿರಲಿ.

ಶಿವಪ್ಪ:

ಮೇಷ್ಟ್ರೇ, ಮಿಗುಪಾಲು ಅಂದರೆ ನನಗೆ ಪಂಕ್ತಿಯಲ್ಲಿ ಮಿಕ್ಕ ಅನ್ನ ನೆನಪಾಗುತ್ತದೆ. ಕಡವೂ ಇಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆ ಕಡ ಅಂದರೆ ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ತಂದು ಒಂದು ಸೇರು ಅಕ್ಕಿಯನ್ನೇ ತಿರುಗಿ ಕೊಡುವುದು. ಇಲ್ಲಿ ಹೋಗುವುದು ಮಾಲು, ಬರುವುದು ದುಡ್ಡು.

ನಾಗವೇಣಿ:

ಉದ್ದರಿ ಮರಾಠಿ ಎಂದು ತಳ್ಳುವ ಮೊದಲು ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ. ಮರಾಠಿ, ಹಿಂದಿಯ ‘ಉಧಾರ್’ ಬಂದದ್ದು ಸಂಸ್ಕೃತದ ‘ಉದ್ಧಾರ’ದಿಂದ, ಅಲ್ಲಿಯೇ ಅದಕ್ಕೆ ಸಾಲ ಎಂಬ ಅರ್ಥವೂ ಇದೆ. ನಮ್ಮಲ್ಲಿ ಒಂದೇ ಮಾತು ಎರಡು ಬಾಗಿಲಿನಿಂದ ಒಳಗೆ ಬಂದು, ಒಂದು ಉದ್ಧಾರವಾಗಿ ಭಾಷಣದಲ್ಲಿ ಕೂತಿತು, ಇನ್ನೊಂದು ಉದ್ದರಿಯಾಗಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತಿತು. ಉದ್ದರಿ ಕೊಟ್ಟವನು ಉದ್ಧಾರವಾಗುವುದಿಲ್ಲ ಎನ್ನುವುದು ಬೇರೆ ಮಾತು.

ವ್ಯಾಪಾರದ ಕನ್ನಡದಿಂದ ಹೊರಗಿನದನ್ನೆಲ್ಲ ಕಿತ್ತರೆ ಏನು ಉಳಿಯುತ್ತದೆ ಎಂದೂ ಹೇಳಿಬಿಡಿ. ನಗದು, ಬಾಕಿ, ಜಮಾ, ಮಾಲು, ಕರಾರು, ಷರತ್ತು, ರಿಯಾಯಿತಿ, ದಲಾಲಿ ಎಲ್ಲ ಅರಬ್ಬಿ ಮೂಲದವು, ವಾಪಸು ಪಾರಸಿ. ಇವು ಇಲ್ಲದೆ ಒಂದು ಬಿಲ್ಲು ಬರೆದು ತೋರಿಸಿ.

ಗೋವಿಂದರಾಯ:

ಕೊಳ್ಳು, ಮಾರು, ಬೆಲೆ, ಅಳತೆ, ತೂಕ. ಇವು ಸಾಲದೇ? ಅರಸರ ಭಾಷೆ ಬದಲಾದಾಗ ದಫ್ತರ ಬದಲಾಯಿತು, ಅದನ್ನೇ ಸಂಪ್ರದಾಯ ಎಂದು ಪೂಜೆ ಮಾಡಬೇಕಿಲ್ಲ. ಹೊಸ ತಿಂಡಿಗೆ ಯಾರೋ ‘ಸಿರಿ’ ಎಂಬ ಚೆಲುವಾದ ಅಚ್ಚಗನ್ನಡದ ಮಾತನ್ನು ಸೇರಿಸಿದ್ದಾರೆ, ಜನ ಒಪ್ಪಲಿಲ್ಲವೇ? ಮನಸ್ಸು ಮಾಡಿದರೆ ಆಗುತ್ತದೆ.

ನಾಗವೇಣಿ:

ಸಿರಿ ‘ಶ್ರೀ’ಯ ತದ್ಭವ. ಧಾನ್ಯ ತತ್ಸಮ. ಮುಂದಿನದು ಹೇಳಿ.

ಶಿವಪ್ಪ:

ಜಗಳದ ನಡುವೆ ಮುಖ್ಯವಾದದ್ದು ತಪ್ಪಿಹೋಗುತ್ತಿದೆ. ಸುಮಾ ಅವರೇ, ನಿಮ್ಮ ಎರಡು ವಾಕ್ಯವನ್ನು ಇನ್ನೊಮ್ಮೆ ಓದಿ. ಮೊದಲ ವಾಕ್ಯದಲ್ಲಿ 21 ದಿನದ ‘ಅವಧಿ’. ಅದರ ಬೆನ್ನಿಗೇ ‘ಅವಧಿ ಮೀರಿದ ಉತ್ಪನ್ನಗಳನ್ನು ಹಿಂಪಡೆಯಲಾಗುವುದು’. 21 ದಿನದೊಳಗೆ ಮಾರಾಟವಾಗದ್ದನ್ನು ಕಂಪನಿಯೇ ವಾಪಸು ಒಯ್ಯುತ್ತದೆ ಅಂತ ನಾನು ಓದಿಕೊಂಡೆ. ನನ್ನಂಥವನು ಬೇಕೆಂದೇ ಹಾಗೆ ಓದಿಕೊಳ್ಳುತ್ತಾನೆ.

ದುಡ್ಡಿಗೆ ‘ವಾಯಿದೆ’ ಅನ್ನಿ, ತಿಂಡಿಗೆ ‘ಬಾಳಿಕೆ’ ಅನ್ನಿ, ಎರಡೂ ಬೇರೆಯಾಗಿ ನಿಲ್ಲುತ್ತವೆ. ವಾಯಿದೆ ಯಾವ ದಿನದಿಂದ ಅಂತಲೂ ಬೇಕು. ಬಿಲ್ಲಿನ ತಾರೀಖಿನಿಂದ ಎಣಿಸಿದರೆ, ಮಾಲು ದಾರಿಯಲ್ಲಿ ಐದು ದಿನ ಕಳೆದಾಗ ವಿತರಕನ ಕೈಯಲ್ಲಿ ಉಳಿಯುವುದು 16 ದಿನ. ಮಾಲು ಕೈಸೇರಿದ ದಿನದಿಂದ ಅಂದರೆ ಪೂರ್ತಿ 21.

ಬಾಳಿಕೆಯದೂ ಹಾಗೇ. ಪೊಟ್ಟಣ ಎಷ್ಟು ದಿನ ತಡೆಯುತ್ತದೆ ಅಂತ ಪತ್ರದಲ್ಲಿ ಇದೆಯೇ? ಕರಿದ ತಿಂಡಿ ಎಣ್ಣೆಯಿಂದ ಕಮಟು ಹಿಡಿಯುತ್ತದೆ. ಸಜ್ಜೆ ಹಿಟ್ಟು ಸೇರಿದ್ದರೆ ಇನ್ನೂ ಎಚ್ಚರ ಬೇಕು, ಅದರ ಹಿಟ್ಟಿನಲ್ಲಿ ಜಿಡ್ಡು ಹೆಚ್ಚು, ಬೀಸಿಟ್ಟರೆ ಬೇಗ ಕಹಿಯಾಗುತ್ತದೆ. ಇದು ಗೊತ್ತಿರುವ ವಿತರಕ ಕೇಳುವುದು ‘ವಾಪಸು ತಗೋತೀರಾ’ ಅಂತ ಅಲ್ಲ, ‘ನನ್ನ ಗೋದಾಮಿಗೆ ಬರುವಾಗ ಎಷ್ಟು ಬಾಳಿಕೆ ಉಳಿದಿರುತ್ತದೆ’ ಅಂತ. ನಾಲ್ಕು ತಿಂಗಳಿನ ಮಾಲಾದರೆ ನಾನು 80 ದಿನವಾದರೂ ಉಳಿದಿರಬೇಕು ಅನ್ನುತ್ತಿದ್ದೆ. ಅದಕ್ಕಿಂತ ಹಳೆಯ ಮಾಲನ್ನು ಇಳಿಸಿಕೊಳ್ಳುತ್ತಿರಲಿಲ್ಲ.

ರೇಖಾ:

ಲಾಭಾಂಶದ ವಿಷಯ ಒಪ್ಪಿದೆ. ಆದರೆ ಬಾಳಿಕೆ ಅಂದರೆ ಚಪ್ಪಲಿ, ಕೊಡೆಗೆ ಹೇಳುವ ಮಾತಲ್ಲವೇ? ‘ಬಾಳಿಕೆ ಬರುವ ಚೀಲ’ ಅಂತೇವೆ. ತಿಂಡಿ ಬಾಳಿಕೆ ಬರುತ್ತದೆ ಅಂದರೆ ಜಗಿಯಲಾಗದಷ್ಟು ಗಟ್ಟಿ ಅನಿಸುತ್ತದೆ.

ಶಿವಪ್ಪ:

ಅದು ನಿಜ, ನಗು ಬಂತು. ನಾವು ಬಾಯಲ್ಲಿ ‘ಡೇಟು’ ಅನ್ನುತ್ತಿದ್ದೆವು. ‘ಡೇಟು ಎಷ್ಟಿದೆ?’ ಪತ್ರಕ್ಕೆ ಅದು ಚೆನ್ನಾಗಿರುವುದಿಲ್ಲ.

ಮಂಜು:

ಈಗ ಅರ್ಥವಾಯಿತು, ಕ್ಷಮಿಸಿ. ಹಾಗಾದರೆ ನನ್ನದೊಂದು ಪ್ರಶ್ನೆ. ಸಿರಿಧಾನ್ಯ ಅಂದರೆ ಜೋಳವೂ ಸೇರುತ್ತದೆಯೇ? ನಮ್ಮಜ್ಜಿಗೆ ಜೋಳ ಸಿರಿಧಾನ್ಯ ಅಂದರೆ ಬೈಯುತ್ತಿದ್ದಳು, ಅವಳಿಗೆ ಅದು ಊಟ ಅಷ್ಟೇ.

ನಾಗವೇಣಿ:

ಇಂಗ್ಲಿಷಿನ ‘ಮಿಲೆಟ್’ ದೊಡ್ಡ ಬುಟ್ಟಿ. ಜೋಳ, ಸಜ್ಜೆ, ರಾಗಿ ಎಲ್ಲ ಅದರೊಳಗೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗಲೂ ಇವು ಸೇರಿದ್ದವು. ಕನ್ನಡದಲ್ಲಿ ಸಿರಿಧಾನ್ಯ ಅಂದಾಗ ನನ್ನ ಕಣ್ಣ ಮುಂದೆ ಬರುವುದು ನವಣೆ, ಸಾಮೆ, ಊದಲು, ಕೊರಲೆ, ಬರಗು, ಹಾರಕ. ಅದಕ್ಕೇ ಸುಮಾ, ಮೊದಲ ಸಾಲಿನಲ್ಲೇ ಧಾನ್ಯದ ಹೆಸರು ಹೇಳಿಬಿಡಿ. ‘ನವಣೆಯ ಕುರುಕಲು’ ಅಂದರೆ ಯಾರಿಗೂ ಅನುಮಾನವಿಲ್ಲ.

ಗೋವಿಂದರಾಯ:

ನವಣೆ, ಸಾಮೆ, ಬರಗು. ನೋಡಿ, ಧಾನ್ಯಕ್ಕೆ ಹೆಸರಿಡುವಾಗ ನಮ್ಮವರು ಯಾರನ್ನೂ ಕೇಳಲಿಲ್ಲ.

ನಾಗವೇಣಿ:

ಸಾಮೆಯ ಮೂಲ ಬೇಕಿದ್ದರೆ ಬೇರೆ ಎಳೆ ಶುರು ಮಾಡಿ. ಸಂಸ್ಕೃತದ ‘ಶ್ಯಾಮಾಕ’ದಿಂದ ಆರಂಭಿಸೋಣ.

ಸುಮಾ:

ಎಲ್ಲರಿಗೂ ಧನ್ಯವಾದ. ರಾತ್ರಿ ಕೂತು ಹೀಗೆ ಮಾಡಿದೆ:

“ನೀವು ಅಂಗಡಿಗಳಿಗೆ ಮಾರುವ ದರದ ಮೇಲೆ ನಿಮಗೆ ಶೇ 8 ಮಾರ್ಜಿನ್ ಸಿಗುತ್ತದೆ. ಅಂಗಡಿಗೆ 80ಕ್ಕೆ ಹೋಗುವ ಪೊಟ್ಟಣ ನಿಮಗೆ 73.60ಕ್ಕೆ ಬೀಳುತ್ತದೆ. ಮಾಲು ನಿಮ್ಮ ಗೋದಾಮು ಸೇರಿದ ದಿನದಿಂದ 21 ದಿನ ಉದ್ದರಿ ವಾಯಿದೆ. ಪೊಟ್ಟಣದ ಮೇಲಿನ ‘ಇದರೊಳಗೆ ಬಳಸಿ’ ತಾರೀಖು ದಾಟಿದ ಮಾಲನ್ನು ನಾವು ವಾಪಸು ಪಡೆಯುತ್ತೇವೆ.”

‘ನೀಡಲಾಗುವುದು’ಗಳನ್ನೆಲ್ಲ ತೆಗೆದೆ. ಬಾಳಿಕೆ, ಡೇಟು ಎರಡನ್ನೂ ಬಿಟ್ಟು, ಪೊಟ್ಟಣದ ಮೇಲೆ ಇರುವುದನ್ನೇ ಎತ್ತಿಕೊಂಡೆ.

ಎಂಟು ಗಂಟೆಗೆ ಅವರಿಗೆ ಫೋನ್ ಮಾಡಿ, ಶೇ 8 ಯಾವುದರ ಮೇಲೆ, 21 ದಿನ ಯಾವಾಗಿನಿಂದ, ಮಾಲು ಹೊರಡುವಾಗ ಎಷ್ಟು ದಿನ ಉಳಿದಿರುತ್ತದೆ ಎಂದು ಕೇಳಿದೆ. ಎರಡನೆಯದಕ್ಕೆ ಮಾತ್ರ ಉತ್ತರ ಬಂತು, ಮಾಲು ಸೇರಿದ ದಿನದಿಂದಲೇ ಅಂತೆ. ಶೇ 8ರ ಬಗ್ಗೆ “ಬೇರೆಯವರು ಎಂಟು ಕೊಡ್ತಾರೆ ಅಂತ ಕೇಳಿ ಹಾಕಿದ್ದು, ಯಾವುದರ ಮೇಲೆ ಅಂತ ನಾನೂ ಕೇಳಿರಲಿಲ್ಲ” ಎಂದರು. ಪತ್ರ ಸಂಜೆಯವರೆಗೆ ನಿಂತಿದೆ.

ಗೋವಿಂದರಾಯ:

ಸಂಜೆಯವರೆಗೆ ಸಮಯವಿದೆ ಎಂದಾದರೆ, ಮಿಗುಪಾಲನ್ನು ಇನ್ನೊಮ್ಮೆ ಯೋಚಿಸಿ.