ಅಪ್‌ಡೇಟ್: ಅಜ್ಜನ ಮುಖ ಕೊನೆಗೂ ಕೂಡಿಬಂತು

ನನ್ನ ಪ್ರಶ್ನೆ: “ತೀರಿಹೋದ ಅಜ್ಜನ ಮೂರು ಫೋಟೊ ಇಟ್ಟುಕೊಂಡು ತಲೆಯ ತ್ರೀಡಿ ಮಾದರಿ ಮಾಡಿದೆ. ಎದುರಿನಿಂದ ಅಜ್ಜನೇ, ಪಕ್ಕಕ್ಕೆ ತಿರುಗಿಸಿದರೆ ಬೇರೆ ಯಾರೋ. ಯಾಕೆ?”

ತಪ್ಪು ಸಿಕ್ಕಿತು. ಎದುರಿನ ಫೋಟೊ ಕುಂಬಳೆ ಜಾತ್ರೆಯಲ್ಲಿ ನಾನೇ ಮೊಬೈಲಿನಲ್ಲಿ ಮೊಳದಷ್ಟು ಹತ್ತಿರದಿಂದ ತೆಗೆದದ್ದು, ಉಳಿದವು ಕಾಸರಗೋಡಿನ ಸ್ಟುಡಿಯೊದವು. ಫೋಟೊ ಎಷ್ಟು ದೂರದಿಂದ ತೆಗೆದದ್ದೆಂದು ಸಾಫ್ಟ್‌ವೇರ್ ಅಂದಾಜಿಸುವುದು ಲೆನ್ಸಿನ ಫೋಕಲ್ ಲೆಂಗ್ತ್ ನೋಡಿ; ನಾನು ಎಲ್ಲಕ್ಕೂ ಒಂದೇ ಕೊಟ್ಟಿದ್ದೆ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದಕ್ಕೆ ಸರಿದಂತೆ ಕಾಣುತ್ತವೆ. ದೂರದಿಂದ ತೆಗೆದದ್ದೆಂದು ನಂಬಿದ ಸಾಫ್ಟ್‌ವೇರ್ ಆ ವಿಕಾರವನ್ನೇ ಅಜ್ಜನ ಮುಖಕ್ಕೆ ಅಂಟಿಸಿತ್ತು.

ಈಗ ಕತ್ತರಿಸದ ಮೂಲ ಫೋಟೊಗಳನ್ನೇ ಹಾಕಿ, ಒಂದೊಂದಕ್ಕೂ ಬೇರೆ ಫೋಕಲ್ ಲೆಂಗ್ತ್ ಕೊಟ್ಟೆ. ಓರೆನೋಟದ ಫೋಟೊವನ್ನು ಬೇಕೆಂದೇ ಹೊರಗಿಟ್ಟು, ಮಾದರಿಯನ್ನು ಅದರ ಮೇಲಿಟ್ಟು ನೋಡಿದೆ: ಮೂಗು, ಗಲ್ಲದ ಗೆರೆ ಕೂಡಿದವು. ಮುಂಡಾಸಿನೊಳಗಿನ ನೆತ್ತಿ ಮಾತ್ರ ಇನ್ನೂ ಊಹೆಯೇ. ಅಜ್ಜಿ ನೋಡಿ, “ಕಿವಿ ಸ್ವಲ್ಪ ದೊಡ್ಡದಿತ್ತು ಮಗಾ” ಎಂದರು.