ಎರಡು ಕೊಟೇಶನ್, ಎರಡರಲ್ಲೂ C3, ಆದರೆ ಮೈಕ್ರಾನ್ ಬೇರೆ ಬೇರೆ

ಕೇಳಿದವರು: ಪರ್ಚೇಸ್ ಎಂಜಿನಿಯರ್, ಕೊಪ್ಪಳ

ಸ್ಪಾಂಜ್ ಐರನ್ ಪ್ಲಾಂಟ್‌ನಲ್ಲಿ ಪರ್ಚೇಸ್‌ಗೆ ಸೇರಿ ಆರು ತಿಂಗಳಾಯಿತು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಐಡಿ ಫ್ಯಾನ್‌ಗೆ 22220 EK/C3 ಬೇರಿಂಗ್ ಎರಡು ಬೇಕು ಅಂತ ಇಂಡೆಂಟ್ ಬಂದಿದೆ. ಡ್ರಾಯಿಂಗ್‌ನಲ್ಲಿ ಶಾಫ್ಟ್ 90 h9 ಅಂತಿದೆ. ಒಬ್ಬ ಡೀಲರ್ ಕೊಟ್ಟ ಡೇಟಾಶೀಟ್‌ನಲ್ಲಿ ಕ್ಲಿಯರೆನ್ಸ್ 110–140 µm, ಇನ್ನೊಬ್ಬರದ್ದರಲ್ಲಿ 100–135 µm. ಎರಡನೆಯವರ ರೇಟು ಕಡಿಮೆ, "ಎರಡೂ C3, ಒಂದೇ ಮಾಲು" ಅಂತಾರೆ. ಶಾಫ್ಟ್ 90 ಇದ್ದರೆ ಬೇರಿಂಗ್ 100 ಯಾಕೆ ಅನ್ನೋದೂ ಗೊತ್ತಾಗಲಿಲ್ಲ. ಅನುಭವ ಇರುವವರು ಹೇಳಿ.

ಬೇರಿಂಗ್ ವ್ಯಾಪಾರ, ಬಳ್ಳಾರಿ

ಮೇಡಂ, C3 ಅಂದರೆ ಒಳಗಿನ ಸಡಿಲ ಜಾಸ್ತಿ. ಬಿಸಿ ಇರೋ ಕಡೆ ಅದೇ ಬೇಕು. 110, 100 ನಡುವೆ ಹತ್ತು ಮೈಕ್ರಾನ್ ವ್ಯತ್ಯಾಸ, ಅದು ಒಂದೊಂದು ಕಂಪನಿಯ ಲೆಕ್ಕ, ತಲೆ ಕೆಡಿಸಿಕೊಳ್ಳಬೇಡಿ. ಬಿಸಿ ತುಂಬಾ ಇದ್ದರೆ C4 ತಗೊಂಡುಬಿಡಿ, ಇನ್ನೂ ಸೇಫ್. ಆದರೆ ಶಾಫ್ಟ್ h9 ತಪ್ಪಿರಬೇಕು. ಅದು ಬಹಳ ಲೂಸ್, h6 ಇರಬೇಕು. ಡ್ರಾಯಿಂಗ್ ಮತ್ತೊಮ್ಮೆ ನೋಡಿ.

ಮೆಕ್ಯಾನಿಕಲ್ ಮೇಂಟೆನೆನ್ಸ್, ತೋರಣಗಲ್ಲು

ಅಣ್ಣಾ, C3ಗೂ ಬಿಸಿಗೂ ಸಂಬಂಧ ಇರೋದು ನಿಜ. ಆದರೆ ಆ ಹತ್ತು ಮೈಕ್ರಾನ್ ಕಂಪನಿ ಲೆಕ್ಕ ಅಲ್ಲ. ಮೇಡಂ ಅವರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನಿಮ್ಮ 22220ರಂಥ ಸ್ಫೆರಿಕಲ್ ರೋಲರ್ ಬೇರಿಂಗ್‌ಗೆ ಕ್ಲಿಯರೆನ್ಸ್ ಟೇಬಲ್ ಎರಡಿವೆ. ಒಂದು ನೇರ ಬೋರ್‌ಗೆ, ಇನ್ನೊಂದು ಟೇಪರ್ ಬೋರ್‌ಗೆ. 80 ದಾಟಿ 100 ಮಿ.ಮೀ. ವರೆಗಿನ ಬೋರ್‌ಗೆ ನೇರದ್ದರಲ್ಲಿ C3 ಅಂದರೆ 100–135. ಟೇಪರಿನದ್ದರಲ್ಲಿ C3 ಅಂದರೆ 110–140. ಅಂದರೆ ಎರಡನೇ ಡೀಲರ್ ನಿಮಗೆ ನೇರ ಬೋರಿನ ಬೇರಿಂಗ್ ಕೊಡುತ್ತಿದ್ದಾರೆ. ಅವರ ಕೊಟೇಶನ್‌ನಲ್ಲಿ ಕೋಡ್ ನೋಡಿ, K ಇರೋದಿಲ್ಲ. ನಿಮ್ಮ ಇಂಡೆಂಟ್‌ನಲ್ಲಿ EK ಇದೆ. ಆ K ಅಂದರೇನೇ ಟೇಪರ್ ಬೋರ್.

ಶಾಫ್ಟ್ 90, ಬೇರಿಂಗ್ 100 ಯಾಕೆ ಅಂದರೆ ನಡುವೆ ಸ್ಲೀವ್ ಕೂರುತ್ತದೆ. 22220ರ ಕೊನೆಯ 20ನ್ನು ಐದರಿಂದ ಗುಣಿಸಿ, 100 ಬಂತು, ಅದು ಬೇರಿಂಗ್ ಬೋರ್. ಅದಕ್ಕೆ ಹೊಂದುವ H 320 ಸ್ಲೀವ್ 90 ಶಾಫ್ಟ್ ಮೇಲೆ ಕೂರುತ್ತದೆ. ಸ್ಲೀವ್ ಹೊರಮೈ ಓರೆ. ಬೇರಿಂಗ್ ಅದರ ಮೇಲೆ ಏರುತ್ತಾ ಹೋದಂತೆ ಸ್ಲೀವ್ ಶಾಫ್ಟನ್ನು ಬಿಗಿ ಹಿಡಿಯುತ್ತದೆ. ಅದಕ್ಕೇ h9 ಸರಿ. 90 h9 ಅಂದರೆ 90ಕ್ಕಿಂತ 87 ಮೈಕ್ರಾನ್ ವರೆಗೆ ಕಡಿಮೆ ಇದ್ದರೂ ನಡೆಯುತ್ತದೆ. ದುಂಡು ಮಾತ್ರ ಕೆಟ್ಟಿರಬಾರದು. ಬೇರಿಂಗ್ ನೇರವಾಗಿ ಶಾಫ್ಟ್ ಮೇಲೆ ಕೂರುವ ಕಡೆಯ ಲೆಕ್ಕ ಬೇರೆ, ಬಿಗಿ ಟಾಲರೆನ್ಸ್ ಬೇಕು. ಅಣ್ಣನವರು ಅದನ್ನು ಮನಸ್ಸಲ್ಲಿಟ್ಟು ಹೇಳಿದ್ದಾರೆ.

ನಮ್ಮಲ್ಲಿ ಒಮ್ಮೆ ಹೀಗೇ K ಇಲ್ಲದ್ದು ಬಂದಿತ್ತು. ಡಬ್ಬಿ ಮೇಲೆ 22220, C3 ಎರಡೂ ಇದ್ದವು, ಸ್ಟೋರ್ಸ್‌ನಲ್ಲಿ ಟಿಕ್ ಹಾಕಿ ಒಳಗೆ ತಗೊಂಡರು. ಶಟ್‌ಡೌನ್ ದಿನ ಫಿಟ್ಟರ್ ಸ್ಲೀವ್ ಮೇಲೆ ಏರಿಸಿದಾಗ ಬೇರಿಂಗ್ ಒಂದೇ ಅಂಚಿನಲ್ಲಿ ಹಿಡಿಯಿತು, ಇನ್ನೊಂದು ಕಡೆ ಅಲ್ಲಾಡುತ್ತಿತ್ತು. ಅವತ್ತು ಫ್ಯಾನ್ ಶುರುವಾಗಲೇ ಇಲ್ಲ. ಡಬ್ಬಿ ಬಿಚ್ಚಿದಾಗಲೇ ವರ್ನಿಯರ್ ಹಿಡಿದಿದ್ದರೆ ಗೊತ್ತಾಗುತ್ತಿತ್ತು. ಟೇಪರ್ 1:12, ಅಗಲ 46. 46ನ್ನು 12ರಿಂದ ಭಾಗಿಸಿ, ಹತ್ತಿರ 3.8 ಮಿ.ಮೀ. ಒಂದು ಮುಖದಲ್ಲಿ ಬೋರ್ 100 ಇದ್ದರೆ ಇನ್ನೊಂದರಲ್ಲಿ 103 ಮೇಲೆ ತೋರಿಸಲೇಬೇಕು. ಎರಡೂ ಕಡೆ 100 ಬಂದರೆ ವಾಪಸ್ ಕಳಿಸಿ.

ರೈಸ್ ಮಿಲ್, ಗಂಗಾವತಿ

ನಮ್ಮ ಮಿಲ್ಲಲ್ಲೂ ಇದೇ ಗೋಳು. 6205 ಅಂತ ಬರೆದು ಕಳಿಸಿದರೆ ಒಮ್ಮೆ 2Z ಬರುತ್ತದೆ, ಒಮ್ಮೆ 2RS. ತೌಡಿನ ಧೂಳಿಗೆ 2Z ನಿಲ್ಲಲ್ಲ. ಅದು ಬರೀ ತಗಡಿನ ಮುಚ್ಚಳ, ಸಂದಿ ಇರುತ್ತದೆ. 2RS ಅಂದರೆ ರಬ್ಬರ್. ಮೇಡಂ, ನಿಮ್ಮದಕ್ಕೂ ರಬ್ಬರ್ ಸೀಲ್ ಇರೋದೇ ತಗೊಳ್ಳಿ.

ಮೆಕ್ಯಾನಿಕಲ್ ಮೇಂಟೆನೆನ್ಸ್, ತೋರಣಗಲ್ಲು

ನಿಮ್ಮ ಮಿಲ್ಲಿಗೆ ಅದು ಸರಿ ಸರ್. ಇವರದ್ದು ಪ್ಲಮ್ಮರ್ ಬ್ಲಾಕ್ ಒಳಗಿನ ಬೇರಿಂಗ್. ಅಲ್ಲಿ ಸೀಲ್ ಬ್ಲಾಕ್‌ನಲ್ಲೇ ಇರುತ್ತದೆ.

C4 ಬಗ್ಗೆ ಬಳ್ಳಾರಿ ಅಣ್ಣನವರಿಗೆ ಒಂದು ಲೆಕ್ಕ ಹೇಳುತ್ತೇನೆ. ಬೇರಿಂಗ್ ಸ್ಲೀವ್ ಮೇಲೆ ಏರಿದಾಗ ಒಳ ರಿಂಗ್ ಹಿಗ್ಗುತ್ತದೆ, ಸಡಿಲ ಕಡಿಮೆಯಾಗುತ್ತದೆ. ಈ ಸೈಜಿಗೆ ಫಿಟ್ಟರ್ 45ರಿಂದ 60 ಮೈಕ್ರಾನ್ ಇಳಿಸುತ್ತಾನೆ. C3 ಬೇರಿಂಗ್‌ನಲ್ಲಿ ಮೊದಲು 125 ಇತ್ತು ಅಂದುಕೊಳ್ಳಿ, 50 ಇಳಿಸಿದರೆ 75 ಉಳಿಯಿತು. ಐಡಿ ಫ್ಯಾನ್‌ನಲ್ಲಿ ಬಿಸಿ ಗ್ಯಾಸ್ ಹೋಗುತ್ತದೆ, ಶಾಫ್ಟ್ ಕಡೆಯಿಂದ ಒಳ ರಿಂಗ್ ಕಾಯುತ್ತದೆ. ಹೊರ ರಿಂಗಿಗಿಂತ 20 ಡಿಗ್ರಿ ಜಾಸ್ತಿ ಆದರೆ ಇನ್ನೊಂದು 25 ಮೈಕ್ರಾನ್ ಹೋಗುತ್ತದೆ. ಆಗಲೂ 50 ಉಳಿಯಿತು. ಸಾಧಾರಣ ಕ್ಲಿಯರೆನ್ಸಿನದ್ದಾದರೆ 95ರಿಂದ ಶುರು ಮಾಡಿ ಕೊನೆಗೆ 20 ಉಳಿಯುತ್ತಿತ್ತು, ಅದು ಕಡಿಮೆಯಾಯಿತು. C4 ಹಾಕಿದರೆ 80 ಮೇಲೆ ಉಳಿಯುತ್ತದೆ. ಬೇಕಿಲ್ಲದ ಕಡೆ ಅಷ್ಟು ಸಡಿಲ ಇಟ್ಟರೆ ಲೋಡನ್ನು ಕೆಲವೇ ರೋಲರ್‌ಗಳು ಹೊರುತ್ತವೆ. ಫ್ಯಾನ್ ಮಾಡಿದವರು C3 ಅಂದಿದ್ದರೆ C3ನೇ ತರಿಸಿ.

ಬೇರಿಂಗ್ ವ್ಯಾಪಾರ, ಬಳ್ಳಾರಿ

ಟೇಬಲ್ ಎರಡಿರೋದು ನನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ C4 ಹಾಕಿ ಚೆನ್ನಾಗಿ ಓಡುತ್ತಿರೋ ಫ್ಯಾನ್‌ಗಳನ್ನೂ ನೋಡಿದ್ದೇನೆ.

ನಿವೃತ್ತ ಸ್ಟೋರ್ಸ್ ಕೀಪರ್, ರಾಯಚೂರು

ಅಮ್ಮಾ, ಒಂದು ಮಾತು ಸೇರಿಸುತ್ತೇನೆ. ಡೇಟಾಶೀಟ್ ಮೈಕ್ರಾನ್‌ನಲ್ಲಿರುತ್ತದೆ, ಫೀಲರ್ ಗೇಜ್ ಮಿ.ಮೀ.ನಲ್ಲಿ, ಹಳೇ ಫಿಟ್ಟರ್‌ಗಳು ಹೇಳೋದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ. 110 ಮೈಕ್ರಾನ್ ಅಂದರೆ 0.11 ಮಿ.ಮೀ., ಥೌನಲ್ಲಿ ಸುಮಾರು ನಾಲ್ಕೂಕಾಲು. ನಮ್ಮಲ್ಲಿ ಫಿಟ್ಟರ್ "ನಾಲ್ಕು" ಅಂದದ್ದನ್ನು ಹುಡುಗ 0.04 ಅಂತ ಬರೆದಿದ್ದ. ಅದಕ್ಕೆ ನಾನು ಯೂನಿಟ್ ಇಲ್ಲದ ಅಂಕಿಗೆ ಸಹಿ ಹಾಕುತ್ತಿರಲಿಲ್ಲ.

ಬೇರೆ ಮೇಕ್ ಬಂದರೆ ಕೋಡೂ ಬೇರೆ ಕಾಣುತ್ತದೆ. ಒಬ್ಬರದ್ದು 22220 EK/C3, ಇನ್ನೊಬ್ಬರದ್ದು 22220-E1-XL-K-C3, ಮತ್ತೊಬ್ಬರದ್ದು 22220EAKE4C3. ಹೆದರಬೇಡಿ. ಮೂರರಲ್ಲೂ 22220, K, C3 ಹುಡುಕಿ. ಆರ್ಡರ್‌ನಲ್ಲಿ ಕೋಡ್ ಜೊತೆಗೆ ಮಾತಲ್ಲೂ ಬರೆಯಿರಿ: ಬೋರ್ 100 ಮಿ.ಮೀ., ಟೇಪರ್ 1:12, H 320 ಸ್ಲೀವ್‌ಗೆ ಹೊಂದಬೇಕು, ಕ್ಲಿಯರೆನ್ಸ್ 110–140 µm.

ಮೆಕ್ಯಾನಿಕಲ್ ಮೇಂಟೆನೆನ್ಸ್, ತೋರಣಗಲ್ಲು

ಮಾತಲ್ಲಿ ಬರೆಯೋದು ಒಳ್ಳೆಯದೇ. ಆದರೆ ಹಾಗೆ ಬರೆದರೆ ಯಾವುದೋ ಮೇಕ್ ತಂದು ಹೊಂದುತ್ತದೆ ಅಂತ ಕೊಡುತ್ತಾರೆ. ನಾನಾದರೆ ಒಂದು ಮೇಕಿನ ಪೂರ್ತಿ ಕೋಡ್ ಬರೆದು ಅದಕ್ಕೇ ಅಂಟಿಕೊಳ್ಳುತ್ತೇನೆ.

ನಿವೃತ್ತ ಸ್ಟೋರ್ಸ್ ಕೀಪರ್, ರಾಯಚೂರು

ಆ ಮೇಕ್ ಸಿಗದ ದಿನ ಏನು ಮಾಡುತ್ತೀರಪ್ಪಾ? ಎರಡೂ ಇರಲಿ ಅಂತ ನನ್ನ ಮಾತು.

ಕೇಳಿದವರು: ಪರ್ಚೇಸ್ ಎಂಜಿನಿಯರ್, ಕೊಪ್ಪಳ

ಎರಡನೇ ಕೊಟೇಶನ್ ತೆಗೆದು ನೋಡಿದೆ. 22220 E/C3 ಅಂತಿದೆ, K ಇಲ್ಲ! ಫಿಟ್ಟರ್ ಅಣ್ಣನ ಹತ್ತಿರ ಬಿಚ್ಚಿಟ್ಟ ಹಳೇ ಬೇರಿಂಗ್ ಇತ್ತು, ವರ್ನಿಯರ್ ಹಿಡಿದೆವು. ಒಂದು ಮುಖ 100, ಇನ್ನೊಂದು 103.5. ಡೀಲರ್‌ಗೆ K ಇರುವ ರೇಟು ಕೇಳಿ ಮೇಲ್ ಹಾಕಿದ್ದೇನೆ. ಸ್ಲೀವ್ ಹಳೆಯದನ್ನೇ ಹಾಕಬಹುದಾ ಅಂತ ಫಿಟ್ಟರ್ ಅಣ್ಣನನ್ನು ಕೇಳಿದೆ, ಬಿಚ್ಚಿ ತೊಳೆದು ನೋಡಿ ಹೇಳುತ್ತೇನೆ ಅಂದರು.