ಗೋಡೆ ಪುಷ್-ಅಪ್‌ನಿಂದ ಮೊದಲ ಪುಲ್-ಅಪ್‌ವರೆಗೆ: ಫಿಸಿಯೋಥೆರಪಿಸ್ಟ್ ವಸುಧಾ ಅವರ ಜೊತೆ ಪ್ರಶ್ನೋತ್ತರ

ಪ್ರದೀಪ್: ಮೇಡಂ, ಗೋಡೆಗೆ ಕೈ ಕೊಟ್ಟು 20 ಪುಷ್-ಅಪ್ ಸಲೀಸಾಗಿ ಆಗುತ್ತೆ, ನೆಲದ ಮೇಲೆ ಒಂದೂ ಆಗಲ್ಲ. ನಡುವೆ ಏನು ಮಾಡಲಿ? ಪುಲ್-ಅಪ್ ಅಭ್ಯಾಸ ಯಾವಾಗ ಶುರು ಮಾಡಬೇಕು?

ವಸುಧಾ: ಕೈ ಊರುವ ಜಾಗದ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಗೋಡೆ ಆದ ಮೇಲೆ ಸೊಂಟದ ಎತ್ತರದ ಕಟ್ಟೆ, ಆಮೇಲೆ ಅಲ್ಲಾಡದ ಬೆಂಚು, ಆಮೇಲೆ ಮೆಟ್ಟಿಲು, ಕೊನೆಗೆ ನೆಲ. ನೆಲದ ಪುಷ್-ಅಪ್‌ನಲ್ಲಿ ದೇಹತೂಕದ ಸುಮಾರು 64% ಕೈಗಳ ಮೇಲೆ ಬೀಳುತ್ತೆ. ಕೈ 30 ಸೆಂ.ಮೀ. ಎತ್ತರದಲ್ಲಿದ್ದರೆ ಸುಮಾರು 55%, 60 ಸೆಂ.ಮೀ.ನಲ್ಲಿ ಸುಮಾರು 41%. ಗೋಡೆಯಿಂದ ಒಂದೇ ಸಲ ನೆಲಕ್ಕೆ ಇಳಿದರೆ ಏಕೆ ಆಗಲ್ಲ ಅಂತ ಇದರಲ್ಲೇ ಗೊತ್ತಾಗುತ್ತೆ. ಒಂದು ಎತ್ತರದಲ್ಲಿ 12ರಂತೆ ಮೂರು ಸುತ್ತು, ಕೊನೆಯದರಲ್ಲೂ ಸೊಂಟ ಜೋತು ಬೀಳದೆ ಆದರೆ ಕೆಳಗಿನ ಎತ್ತರಕ್ಕೆ ಹೋಗಿ. ಅಲ್ಲಿ 5 ಕೂಡ ಆಗದಿದ್ದರೆ ಹಿಂದಿನ ಎತ್ತರಕ್ಕೇ ವಾಪಸ್ ಬನ್ನಿ.

ಪುಲ್-ಅಪ್‌ಗೆ ಕಾಯಬೇಡಿ. ತಳ್ಳುವ ಕೆಲಸ ಎದೆ ಮತ್ತು ತೋಳಿನ ಹಿಂಭಾಗದ್ದು, ಎಳೆಯುವ ಕೆಲಸ ಬೆನ್ನಿನದ್ದು. 50 ಪುಷ್-ಅಪ್ ಹೊಡೆಯುವವರೂ ಬಾರ್‌ಗೆ ನೇತುಬಿದ್ದಾಗ ಒಂದಿಂಚೂ ಮೇಲೇಳಲಾಗದೆ ಇರುವುದುಂಟು. ಎದೆ ಎತ್ತರದ ಬಾರ್ ಹಿಡಿದು, ಕಾಲು ನೆಲದಲ್ಲೇ ಇಟ್ಟು, ಹಿಂದಕ್ಕೆ ಒರಗಿ ದೇಹವನ್ನು ಬಾರ್ ಕಡೆಗೆ ಎಳೆಯುವ ರೋಯಿಂಗ್ ಇವತ್ತೇ ಶುರು ಮಾಡಿ. ಅಲ್ಲೂ ಲೆಕ್ಕ ಇದೇ, ಬಾರ್ ಕೆಳಗೆ ಬಂದಷ್ಟೂ ಭಾರ ಜಾಸ್ತಿ.

ರೇಖಾ: ಮಂಡಿ ಊರಿ ಮಾಡೋ ಪುಷ್-ಅಪ್ ಬಿಟ್ಟೇಬಿಟ್ರಲ್ಲ?

ವಸುಧಾ: ಭಾರದ ಲೆಕ್ಕದಲ್ಲಿ ಅದು ಸರಿಯೇ, ಸುಮಾರು 49%. ಆದರೆ ಮಂಡಿ ಊರಿದಾಗ ಸೊಂಟ, ಹೊಟ್ಟೆ ಬಿಗಿ ಹಿಡಿಯುವುದನ್ನು ಕಲಿಯುವುದಿಲ್ಲ, ನೆಲಕ್ಕೆ ಬಂದಾಗ ಅದೇ ಕೈಕೊಡುತ್ತೆ. ಬೆಂಚಿನ ಸುತ್ತು ಮುಗಿದ ಮೇಲೆ ಬೇಕಿದ್ದರೆ ಮಾಡಿ.

ಶೈಲಜಾ: ನಂಗೆ 43, ತೂಕ 58 ಕೆ.ಜಿ. ನೆಲದ ಪುಷ್-ಅಪ್ 12 ಆಗುತ್ತೆ, ದೇಹ ಅಡ್ಡ ಇಟ್ಟು ರೋಯಿಂಗ್ 8, ಸುಮ್ಮನೆ ನೇತಾಡೋದು 35 ಸೆಕೆಂಡ್. ಬಾರ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಅದರಲ್ಲಿ ಕಾಲು ಊರಿದ್ರೆ ಪುಲ್-ಅಪ್ 6 ಬರುತ್ತೆ. ಎರಡು ತಿಂಗಳಿಂದ ದಿನಾ 5 ನೆಗೆಟಿವ್, ಅಂದ್ರೆ ಗದ್ದ ಬಾರ್ ಮೇಲಿರೋ ಹಾಗೆ ಶುರು ಮಾಡಿ ನಿಧಾನ ಇಳಿಯೋದು, ಮಾಡ್ತಿದೀನಿ, ಒಂದೊಂದೂ 8 ಸೆಕೆಂಡ್. ಆದ್ರೂ ಕೆಳಗಿಂದ ಒಂದಿಂಚೂ ಮೇಲೆ ಬರಲ್ಲ. ಮೂರು ವಾರದಿಂದ ಮೊಣಕೈ ಒಳಬದಿ ನೋವು, ಬಕೆಟ್ ಎತ್ತಿದ್ರೂ, ಬೀಗ ತಿರುಗಿಸಿದ್ರೂ ಗೊತ್ತಾಗುತ್ತೆ. ಮುಂದಿನ ಹಂತ ಯಾವುದು?

ಮಂಜುನಾಥ್: ನೆಗೆಟಿವ್ 12 ಸೆಕೆಂಡಿಗೆ ಏರಿಸಿ ಮೇಡಂ. ಇಳಿಸೋ ಶಕ್ತಿ ಬಂದ್ರೆ ಎತ್ತೋ ಶಕ್ತಿ ತಾನಾಗೇ ಬರುತ್ತೆ. ನೋವು ಎಲ್ರಿಗೂ ಇದ್ದದ್ದೇ.

ವಸುಧಾ: ಶೈಲಜಾ ಅವರೇ, ಏರಿಸಬೇಡಿ. ಮುಂದಿನ ಹಂತ ಕೇಳಿದ್ದೀರಿ, ನಿಮಗೆ ಈಗ ಬೇಕಿರುವುದು ಹಿಂದಿನ ಹಂತ. ಮೊದಲು ಎರಡು ಪ್ರಶ್ನೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಾ? ನೆಗೆಟಿವ್‌ನ 8 ಸೆಕೆಂಡಲ್ಲಿ ಮೊಣಕೈ 90 ಡಿಗ್ರಿ ದಾಟಿ ಕೆಳಗಿಳಿಯುವ ಭಾಗಕ್ಕೆ ಎಷ್ಟು ಸೆಕೆಂಡ್ ಹೋಗುತ್ತೆ? ಫೋನಲ್ಲಿ ವಿಡಿಯೋ ತೆಗೆದು ನೋಡಿ ಹೇಳಿ.

ಗಿರೀಶ್: ಬಂದಿದ್ದು ಹಾಕ್ತಿದೀನಿ, ಉಪಯೋಗ ಆಗಬಹುದು: "ದಿನಾ 5 ನಿಮಿಷ ಬಾರ್‌ಗೆ ನೇತಾಡಿದರೆ ಮೊಣಕೈ, ಭುಜದ ನೋವು 21 ದಿನದಲ್ಲಿ ಮಾಯ. ಅಭ್ಯಾಸಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ತೆಗೆದುಕೊಂಡರೆ ಫಲ ಬೇಗ."

ವಸುಧಾ: ಗಿರೀಶ್ ಅವರೇ, ಇದನ್ನು ಬೇರೆ ಯಾರಿಗೂ ಕಳಿಸಬೇಡಿ. ಮಾತ್ರೆ ನುಂಗಿ ಬಾರ್ ಹಿಡಿದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ತಿಳಿಯದು. ಶೈಲಜಾ ಅವರದು ಬಿಗಿಹಿಡಿತದ ಸ್ನಾಯುಗಳ ಬುಡ, ದಿನಾ ಎಳೆಸಿಕೊಂಡು ಕೆರಳಿರುವ ಹಾಗೆ ಕಾಣುತ್ತೆ. ಅದಕ್ಕೆ ಇನ್ನೂ 5 ನಿಮಿಷ ನೇತಾಟ ಸೇರಿಸಿದರೆ ನೋವು ಹೆಚ್ಚುತ್ತದೆಯೇ ಹೊರತು ಮಾಯವಾಗಲ್ಲ.

ಶೈಲಜಾ: ಜೋಮು ಇಲ್ಲ. ವಿಡಿಯೋ ನೋಡಿದೆ ಮೇಡಂ. ಗದ್ದ ಬಾರ್ ಮೇಲಿದ್ದಾಗ್ಲೇ 5 ಸೆಕೆಂಡ್ ಹೋಗುತ್ತೆ. 90 ಡಿಗ್ರಿ ದಾಟಿದ ಮೇಲೆ ಒಂದೇ ಸೆಕೆಂಡಲ್ಲಿ ಜಾರಿ ಬೀಳ್ತೀನಿ.

ವಸುಧಾ: ಕಾರಣ ಸಿಕ್ಕಿತು. ನೀವು ಎರಡು ತಿಂಗಳು ಬಲಪಡಿಸಿದ್ದು ಮೇಲಿನ ಅರ್ಧವನ್ನು ಮಾತ್ರ. ಪುಲ್-ಅಪ್ ಶುರುವಾಗುವುದು ಕೆಳಗಿಂದ, ಆ ಭಾಗದಲ್ಲಿ ನೀವು ಜಾರುತ್ತಿದ್ದೀರಿ. ಬ್ಯಾಂಡ್ ಕೂಡ ಇದನ್ನು ಮುಚ್ಚಿಟ್ಟಿದೆ. ಅದು ಅತಿ ಹೆಚ್ಚು ಹಿಗ್ಗುವುದು ನೀವು ಕೆಳಗಿದ್ದಾಗ, ಅಂದರೆ ನೀವು ದುರ್ಬಲರಾಗಿರುವ ಜಾಗದಲ್ಲೇ ಅದರ ಸಹಾಯ ಅತಿ ಹೆಚ್ಚು. ಆದ್ದರಿಂದ ಬ್ಯಾಂಡಲ್ಲಿ 6 ಬಂದರೂ ಬರಿಗೈಯಲ್ಲಿ ಒಂದೂ ಬರುವುದಿಲ್ಲ.

ಮೊದಲ ಎರಡು ವಾರ ನೆಗೆಟಿವ್ ಪೂರ್ತಿ ಬಂದ್. ಪುಷ್-ಅಪ್ ನೋವಾಗದಿದ್ದರೆ ಮುಂದುವರಿಸಿ. ರೋಯಿಂಗ್ ಇರಲಿ, ಆದರೆ ಬಾರ್ ಸೊಂಟದ ಎತ್ತರಕ್ಕೆ ಏರಿಸಿ, 8ರಂತೆ ಮೂರು ಸುತ್ತು, ಒಂದು ದಿನ ಬಿಟ್ಟು ಒಂದು ದಿನ. ಪಟ್ಟಿಯಿಂದ ನೇತುಹಾಕುವ ರಿಂಗ್ಸ್ ಸಿಕ್ಕರೆ ಅಂಗೈಗಳು ಎದುರುಬದುರು ಇರುವಂತೆ ಹಿಡಿಯಿರಿ, ಸಾಮಾನ್ಯವಾಗಿ ಮೊಣಕೈಗೆ ಅದೇ ಹಿತ. ನೇತಾಡುವುದಾದರೆ ಕಾಲ ಕೆಳಗೆ ಸ್ಟೂಲ್ ಇಟ್ಟು ಅರ್ಧ ಭಾರ ಕಾಲಿಗೆ ಕೊಟ್ಟು 15 ಸೆಕೆಂಡ್, ಮೂರು ಸಲ. ಇದರ ಜೊತೆ ಮುಂಗೈಗೆ ಒಂದು ಕೆಲಸ. ಕುರ್ಚಿಯಲ್ಲಿ ಕೂತು ಮುಂಗೈಯನ್ನು ತೊಡೆಯ ಮೇಲಿಟ್ಟು, ಅಂಗೈ ಮೇಲ್ಮುಖವಾಗಿ ಒಂದು ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಮೇಲೆತ್ತಿ, 4 ಸೆಕೆಂಡಲ್ಲಿ ನಿಧಾನ ಇಳಿಸಿ. 12ರಂತೆ ಮೂರು ಸುತ್ತು.

ನೋವಿನ ಅಳತೆ ಹೀಗಿರಲಿ. ಮಾಡುವಾಗ ಹತ್ತಕ್ಕೆ ಮೂರರವರೆಗೆ ನೋವು ಬಂದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ ಅಂದರೆ ವ್ಯಾಯಾಮ ಬಿಡಬೇಡಿ, ಒಂದು ಸುತ್ತು ಕಡಿಮೆ ಮಾಡಿ. ಬೆರಳು ಜೋಮು ಹಿಡಿದರೆ, ಇಲ್ಲವೇ ಹಠಾತ್ತನೆ ಏನೋ ಕಿತ್ತಂತಾಗಿ ತೋಳು ಬಣ್ಣಗೆಟ್ಟರೆ, ಎಲ್ಲ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಮೂರನೇ ವಾರ ನೋವು ತಗ್ಗಿದ್ದರೆ ಕೆಳಭಾಗದ ಕೆಲಸ ಶುರು. ನೇತುಬಿದ್ದು, ಮೊಣಕೈ ಮಡಿಸದೆ, ಭುಜಗಳನ್ನು ಕಿವಿಯಿಂದ ದೂರ ಸೊಂಟದ ಕಡೆಗೆ ಎಳೆಯಿರಿ. ದೇಹ ಮೂರ್ನಾಲ್ಕು ಸೆಂ.ಮೀ. ಮೇಲೇಳುತ್ತೆ, ಅಲ್ಲೇ 2 ಸೆಕೆಂಡ್ ನಿಂತು ಇಳಿಯಿರಿ. 5ರಂತೆ ಮೂರು ಸುತ್ತು. ಮೊಣಕೈ ತಾನಾಗೇ ಮಡಿಯುತ್ತಿದ್ದರೆ ಸ್ಟೂಲ್ ಮೇಲೆ ಕಾಲು ಊರಿಯೇ ಮಾಡಿ. ಇದು ಬಂದ ಮೇಲೆ, ಅದೇ ಸ್ಟೂಲ್‌ನಿಂದ ಕಾಲಿನ ಒತ್ತಡ ಎಷ್ಟು ಬೇಕೋ ಅಷ್ಟೇ ಕೊಟ್ಟು ಮೊಣಕೈ 90 ಡಿಗ್ರಿವರೆಗೆ ಏರಿ, 3 ಸೆಕೆಂಡ್ ತಡೆದು ಇಳಿಯಿರಿ. ಬ್ಯಾಂಡ್‌ನ ಸಹಾಯ ಎಲ್ಲಿ ಎಷ್ಟು ಸಿಗಬೇಕು ಅನ್ನುವುದು ನಿಮ್ಮ ಕೈಲಿಲ್ಲ, ಕಾಲಿನದ್ದು ನಿಮ್ಮ ಕೈಲಿದೆ.

ಐದನೇ ವಾರದಿಂದ ನೆಗೆಟಿವ್ ವಾಪಸ್. ವಾರಕ್ಕೆ ಎರಡು ದಿನ, ಒಂದು ದಿನಕ್ಕೆ ಮೂರೇ ಮೂರು. ಗದ್ದ ಮೇಲಿಟ್ಟು ಕಾಲ ಕಳೆಯಬೇಡಿ, 90 ಡಿಗ್ರಿಯಿಂದ ಕೆಳಗಿನ ಭಾಗಕ್ಕೆ ಕನಿಷ್ಠ 3 ಸೆಕೆಂಡ್ ಇರಲಿ. ಅದು 2ಕ್ಕಿಂತ ಕಡಿಮೆಯಾದ ತಕ್ಷಣ ಆ ದಿನದ ಲೆಕ್ಕ ಮುಗಿಯಿತು.

ಮಂಜುನಾಥ್: ಅಂದ್ರೆ ನೆಗೆಟಿವ್ ಕೆಲಸ ಮಾಡಲ್ಲ ಅಂತಾನಾ? ಎಷ್ಟೋ ಜನಕ್ಕೆ ಅದರಿಂದಲೇ ಬಂದಿದೆ.

ವಸುಧಾ: ಹಾಗೆ ಹೇಳಿಲ್ಲ. ಎತ್ತುವುದಕ್ಕಿಂತ ಹೆಚ್ಚಿನ ಭಾರವನ್ನು ಇಳಿಸುವಾಗ ಸ್ನಾಯು ತಡೆಯುತ್ತೆ, ಅದಕ್ಕೇ ನೆಗೆಟಿವ್ ಉಪಯುಕ್ತ. ಅದೇ ಕಾರಣಕ್ಕೆ ಸ್ನಾಯುವಿನ ಬುಡಕ್ಕೆ ಬೀಳುವ ಪೆಟ್ಟೂ ಜಾಸ್ತಿ. ದಿನಾ ಮಾಡುವಂಥದ್ದಲ್ಲ.

ಇಮ್ರಾನ್: ಬ್ಯಾಂಡ್ ಬಗ್ಗೆ ನನ್ನ ತಕರಾರಿದೆ ಮೇಡಂ. ದಪ್ಪ ಬ್ಯಾಂಡಿನಿಂದ ತೆಳು ಬ್ಯಾಂಡಿಗೆ ಇಳೀತಾ ಬಂದ್ರೆ ಕೆಳಗಿನ ಸಹಾಯವೂ ಕಮ್ಮಿ ಆಗ್ತಾ ಬರುತ್ತೆ. ಸ್ಟೂಲ್‌ನಲ್ಲಿ ಕಾಲು ಎಷ್ಟು ಒತ್ತಿದ್ವಿ ಅಂತ ಅಳೆಯೋದು ಹೇಗೆ? ಮುಂದೆ ಹೋದ್ವಾ ಇಲ್ವಾ ಅಂತ ಗೊತ್ತಾಗಲ್ಲ.

ವಸುಧಾ: ಅಳತೆಯ ಮಾತು ಒಪ್ಪುವಂಥದ್ದೇ. ಎರಡು ಕಾಲಿಂದ ಒಂದು ಕಾಲಿಗೆ, ಆಮೇಲೆ ಬರೀ ಹೆಬ್ಬೆರಳಿಗೆ ಇಳಿಸಿದರೆ ಅಂದಾಜು ಸಿಗುತ್ತೆ. ತೆಳು ಬ್ಯಾಂಡ್ ಎಲ್ಲರಿಗೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೆಳಗೆ ಸಿಕ್ಕಿಹಾಕಿಕೊಂಡವರಿಗೆ ಅದು ಸರಿಯಾದ ಸಾಧನವಲ್ಲ.

ಮಂಜುನಾಥ್: ಸ್ವಲ್ಪ ಜಿಗಿದು, ಕಾಲು ಬೀಸಿ ಮೊದಲ ಒಂದು ಹೊಡೆದುಬಿಟ್ರೆ ಆಯ್ತಪ್ಪ. ಇಷ್ಟೆಲ್ಲ ಯಾಕೆ?

ಇಮ್ರಾನ್: ಅದು ಪುಲ್-ಅಪ್ ಅಲ್ಲ. ಕಾಲು ಬೀಸಿದ್ರೆ ಕೆಳಭಾಗವನ್ನ ಬೀಸೇ ದಾಟಿಸುತ್ತೆ. ಅವರ ತೊಂದರೆ ಇರೋದೇ ಅಲ್ಲಿ. ಮೇಲಿಂದ ಓದಿ ಮಾತಾಡಿ.

ಮಂಜುನಾಥ್: ಓದಿದೀನಿ. ನಿಮ್ಮ ಹತ್ರ ಕೇಳ್ಲಿಲ್ಲ.

ಇಮ್ರಾನ್: ಕೆರಳಿದ ಮೊಣಕೈ ಇರೋರಿಗೆ ಜಿಗಿದು ಬಾರ್ ಹಿಡೀರಿ ಅಂತಿದೀರಿ. ಯಾರೂ ಕೇಳದಿದ್ರೂ ಹೇಳಲೇಬೇಕಾಗುತ್ತೆ.

ಲತಾ: ನನಗೆ ಕೈ ತಲೆ ಮೇಲೆ ಎತ್ತಿದ್ರೆ ಭುಜದಲ್ಲಿ ಚುಚ್ಚುತ್ತೆ. ನಾನೂ ಭುಜ ಕೆಳಗೆಳೆಯೋದನ್ನ ನೇತುಬಿದ್ದು ಮಾಡ್ಲಾ?

ವಸುಧಾ: ಬೇಡ. ನಿಮ್ಮ ವಿಷಯ ಬೇರೆ. ಕೈ ಎತ್ತಿದರೇ ಚುಚ್ಚುವವರು ನೇತುಬೀಳಬಾರದು, ಮೊದಲು ಭುಜ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಎತ್ತರದ ಬಾರ್‌ನ ರೋಯಿಂಗ್, ಕಟ್ಟೆ ಮೇಲಿನ ಪುಷ್-ಅಪ್, ಅದೂ ನೋವಿಲ್ಲದಿದ್ದರೆ.

ಸುರೇಶ್: ಗೋಡೆ ಪುಷ್-ಅಪ್ ಎಷ್ಟು ಮಾಡಿದ್ರೆ ಪುಲ್-ಅಪ್ ಬರುತ್ತೆ?

ವಸುಧಾ: ಪ್ರದೀಪ್ ಅವರಿಗೆ ಕೊಟ್ಟ ಉತ್ತರ ನೋಡಿ.

ಹೇಮಂತ್: 11 ವರ್ಷದ ಮಗನಿಗೆ ಈ ನೆಗೆಟಿವ್ ಮಾಡಿಸಬಹುದಾ?

ಶೈಲಜಾ: ಮೇಡಂ, ಅಂಗೈ ನನ್ನ ಕಡೆ ತಿರುಗಿಸಿ ಹಿಡಿದ್ರೆ ಸುಲಭ ಅನ್ನಿಸುತ್ತೆ. ಹಾಗೆ ಮಾಡ್ಲಾ? ಆಗುತ್ತಾ ಅಂತ ದಿನಾ ಒಂದ್ಸಲ ನೋಡಬಹುದಾ?

ಮಂಜುನಾಥ್: ಅದು ಚಿನ್-ಅಪ್. ಪುಲ್-ಅಪ್ ಲೆಕ್ಕಕ್ಕೆ ಬರಲ್ಲ.

ಇಮ್ರಾನ್: ಬೆನ್ನಿನ ಕೆಲಸ ಎರಡರಲ್ಲೂ ಇದೆ. ಮೊದಲು ಚಿನ್-ಅಪ್ ಬಂದು ಆಮೇಲೆ ಪುಲ್-ಅಪ್ ಬರೋದೇ ಹೆಚ್ಚು.

ಮಂಜುನಾಥ್: ಹೆಸರೇ ಬೇರೆ ಇದೆಯಲ್ಲ ಸ್ವಾಮಿ.

ವಸುಧಾ: ನೀವಿಬ್ಬರೂ ಇದನ್ನು ಬೇರೆ ಕಡೆ ಮುಂದುವರಿಸಿ.

ಶೈಲಜಾ ಅವರೇ, ಆ ಹಿಡಿತದಲ್ಲಿ ತೋಳಿನ ಮುಂಭಾಗ ಹೆಚ್ಚು ಕೈಜೋಡಿಸುವುದರಿಂದ ಸುಲಭ ಅನ್ನಿಸುತ್ತೆ. ಆದರೆ ಬಾರ್ ನೇರವಾಗಿರುವುದರಿಂದ ಮಣಿಕಟ್ಟು ಪೂರ್ತಿ ತಿರುಚಿಕೊಳ್ಳಬೇಕು, ಒಳಬದಿ ನೋವಿರುವವರಿಗೆ ಅದೇ ಕೆರಳಿಸಬಹುದು. ಎದುರುಬದುರು ಹಿಡಿತ ಸಿಕ್ಕರೆ ಅದನ್ನೇ ಬಳಸಿ. ಆಗುತ್ತಾ ಅಂತ ದಿನಾ ನೋಡಬೇಡಿ, ಆರನೇ ವಾರದವರೆಗೆ ಬೇಡವೇ ಬೇಡ. ಆಮೇಲೆ ಎರಡು ವಾರಕ್ಕೊಮ್ಮೆ, ವಿಶ್ರಾಂತಿಯ ಮರುದಿನ, ಮೈ ಬಿಸಿಯಾದ ಮೇಲೆ ಎರಡೇ ಪ್ರಯತ್ನ. ತೋಳು ಪೂರ್ತಿ ನೇರವಿದ್ದಾಗ ಶುರು ಮಾಡಿ, ಭುಜ ಮೊದಲು ಇಳಿಯಲಿ, ಮೊಣಕೈ ಆಮೇಲೆ ಮಡಿಯಲಿ. ಮುಂದಿನ ವಾರ ಬಾಟಲಿ ಇಳಿಸುವಾಗಿನ ನೋವು ಎಷ್ಟು, ಮರುದಿನ ಬೆಳಿಗ್ಗೆ ಎಷ್ಟು, ಎರಡನ್ನೂ ಬರೆದು ಇಲ್ಲೇ ಹಾಕಿ.

ರೇಖಾ: ರಿಂಗ್ಸ್ ಇಲ್ಲದವರು ಎದುರುಬದುರು ಹಿಡಿತಕ್ಕೆ ಏನು ಮಾಡ್ಬೇಕು?

ಇಮ್ರಾನ್: ಗಟ್ಟಿ ಟವೆಲ್ ಎರಡನ್ನ ಬಾರ್ ಮೇಲೆ ಹಾಕಿ ತುದಿಗಳನ್ನ ಹಿಡೀರಿ.

ವಸುಧಾ: ಶೈಲಜಾ ಅವರು ಇದನ್ನು ಮಾಡಬಾರದು. ಟವೆಲ್‌ಗೆ ಇನ್ನೂ ಬಿಗಿಯಾಗಿ ಮುಷ್ಟಿ ಹಿಡಿಯಬೇಕಾಗುತ್ತೆ, ನೋವಿರುವುದು ಆ ಸ್ನಾಯುಗಳಲ್ಲೇ.